ಮಹಾಪ್ರಾಣಕ್ಕೆ ಬೇರೆ ಬಾಯಿ ಬೇಡ

ಅನಿಮೇಷನ್ ಪಾತ್ರದ ತುಟಿ ಮಾತಿಗೆ ಹೊಂದಲಿ ಅಂತ ಮೊದಲ ಸಲ ಬಾಯಿಗಳ ಚಾರ್ಟ್ ಮಾಡಿದಾಗ ಖ, ಘ, ಧ, ಭ ಎಲ್ಲದಕ್ಕೂ ಬೇರೆ ಬೇರೆ ಬಾಯಿ ಬರೆದೆ. ಓಡಿಸಿ ನೋಡಿದರೆ ಪಾತ್ರ ಮಾತಾಡೋ ಬದಲು ಉಗುಳುತ್ತಿತ್ತು! ಈಗ ನನ್ನ ಚಾರ್ಟ್‌ನಲ್ಲಿ ಏಳೇ ಬಾಯಿ: ಮುಚ್ಚಿದ್ದು, ಆ, ಅರ್ಧ ತೆರೆದ ಅ, ಅಗಲಿಸಿದ ಇ-ಎ, ದುಂಡು ಒ, ಚೂಪು ಉ, ಕೆಳತುಟಿಗೆ ಹಲ್ಲು ತಾಗುವ ವ. ಐ ಬಂದರೆ ಅ ಆಮೇಲೆ ಇ, ಔ ಬಂದರೆ ಅ ಆಮೇಲೆ ಉ.

ಅ, ಆ ಬಿಟ್ಟರೆ ಹ್ರಸ್ವ, ದೀರ್ಘಕ್ಕೆ ಚಿತ್ರ ಅದೇ, ಲೆಕ್ಕ ಮಾತ್ರ ಬೇರೆ. ನಾನು ಸೆಕೆಂಡಿಗೆ 24 ಫ್ರೇಮ್ ಇಟ್ಟು ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುತ್ತೇನೆ. ಅಂದರೆ ಸೆಕೆಂಡಿಗೆ 12 ಚಿತ್ರ. ಹ್ರಸ್ವಕ್ಕೆ ಸಾಮಾನ್ಯವಾಗಿ ಒಂದು ಚಿತ್ರ ಸಾಕು, ದೀರ್ಘಕ್ಕೆ ಮೂರೋ ನಾಲ್ಕೋ ಬೇಕು.

ಕಷ್ಟ ಕೊಟ್ಟಿದ್ದು ‘ಅಬ್ಬಾ, ಭೂತ ಬಂತು!’ ಅನ್ನೋ ಒಂದು ಸಾಲು. ಅ ಒಂದು ಚಿತ್ರ. ಒತ್ತಕ್ಷರದ ಬ್ಬ ಇದೆಯಲ್ಲ, ಅಲ್ಲಿ ತುಟಿ ಎರಡು ಚಿತ್ರ ಮುಚ್ಚಿಯೇ ಇರಬೇಕು. ಒಂದೇ ಚಿತ್ರ ಕೊಟ್ಟರೆ ಅದು ‘ಅಬಾ’ ಆಗುತ್ತದೆ. ಆಮೇಲೆ ‘ಆ’ ಬಾಯಿಗೆ ನಾಲ್ಕು ಚಿತ್ರ. ಮುಂದಿನ ಸಣ್ಣ ನಿಲುಗಡೆಗೂ ಭ-ದ ತುಟಿಗೂ ಸೇರಿಸಿ ಮುಚ್ಚಿದ ಬಾಯಿ ಎರಡು ಚಿತ್ರ.

ಇಲ್ಲೇ ನಾನು ತಪ್ಪಿದ್ದು. ಊ ಸ್ಪಷ್ಟವಾಗಿ ಕೇಳಿಸುವ ಫ್ರೇಮಿನಲ್ಲಿ ಚೂಪು ಬಾಯಿ ಇಟ್ಟೆ. ನಮ್ಮ ನಿರ್ದೇಶಕರು ನೋಡಿ, ‘ಮಾತು ಮುಂದೆ ಹೋಗ್ತಿದೆ, ಬಾಯಿ ಹಿಂದೆ ಬರ್ತಿದೆ ಅಲ್ವಾ?’ ಅಂದರು. ಕನ್ನಡಿ ಮುಂದೆ ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು ‘ಬೂ’, ‘ಭೂ’ ಎರಡನ್ನೂ ಹೇಳಿ ನೋಡಿದೆ. ಭೂ ಅನ್ನುವಾಗ ಅಂಗೈಗೆ ಉಸಿರು ಜಾಸ್ತಿ ಬಡಿಯುತ್ತದೆ. ಆ ಉಸಿರು ಬರುವಾಗಲೇ ತುಟಿ ಬಿಟ್ಟುಕೊಂಡು ಊ ಆಕಾರಕ್ಕೆ ಬಂದಿರುತ್ತದೆ. ಅಂದರೆ ಸ್ವರ ಸರಿಯಾಗಿ ಶುರುವಾಗುವ ಮೊದಲೇ ಬಾಯಿ ತಯಾರು. ಧ್ವನಿಯ ಅಲೆಯಲ್ಲೂ ಅದು ಕಾಣುತ್ತದೆ: ತುಟಿ ಬಿಟ್ಟ ಜಾಗದಲ್ಲಿ ಒಂದು ಚುಚ್ಚು, ಅದರ ಬೆನ್ನಿಗೇ ಕಲಸಿದಂಥ ಗೆರೆ, ಆಮೇಲೆ ಸ್ವರ. ಬಾಯಿ ತೆರೆಯಬೇಕಾದ್ದು ಚುಚ್ಚಿನ ಹತ್ತಿರ. ಚೂಪು ಬಾಯಿಯನ್ನು ಒಂದು ಚಿತ್ರ ಮೊದಲೇ ಬರುವ ಹಾಗೆ ಸರಿಸಿದೆ, ಸರಿಹೋಯಿತು. ಖಾರ, ಧೂಳು ಇವಕ್ಕೂ ಹೀಗೇ. ನಾಲಿಗೆ ಒಳಗೆ ಮಾಡೋ ಕೆಲಸ ನೋಡುವವರಿಗೆ ಕಾಣೋದೇ ಇಲ್ಲ.

ಒಂದು ಎಚ್ಚರಿಕೆ. ಸ್ಕ್ರಿಪ್ಟ್‌ನಲ್ಲಿ ಭ ಇದೆ ಅಂತ ಕಣ್ಣು ಮುಚ್ಚಿ ಹೀಗೆ ಮಾಡಬೇಡಿ. ಮಾತಿನಲ್ಲಿ ನಮ್ಮವರು ಎಷ್ಟೋ ಸಲ ‘ಬೂತ’ ಅಂತಲೇ ಹೇಳ್ತಾರೆ. ಆಗ ಉಸಿರೇ ಇಲ್ಲ, ಬಾಯಿಯನ್ನು ಮೊದಲೇ ಬರುವ ಹಾಗೆ ಸರಿಸಿದರೆ ಮತ್ತೆ ತಪ್ಪು. ಫ-ಗೂ ಅಷ್ಟೇ: ‘ಫಲ’ವನ್ನು ತುಟಿ ಮುಚ್ಚಿ ಹೇಳುವವರೂ ಇದ್ದಾರೆ, ‘ಫೋನ್’ ಥರ ಹಲ್ಲು ತಾಗಿಸಿ ಹೇಳುವವರೂ ಇದ್ದಾರೆ. ಅದಕ್ಕೇ ಈಗ ರೆಕಾರ್ಡಿಂಗ್ ಮುಗಿಯುವ ತನಕ ನಾನು ಒಂದು ಬಾಯಿಯನ್ನೂ ಟೈಮ್‌ಲೈನ್‌ಗೆ ಹಾಕುವುದಿಲ್ಲ.