15,000 ಎಲ್ಲಿ ನಿಲ್ಲಬೇಕು: ಪಿಎಫ್ ಮತ್ತು ಗ್ರಾಚ್ಯುಟಿ ಲೆಕ್ಕವನ್ನು ತಾಳೆ ನೋಡಿದ ನನ್ನ ಅನುಭವ

2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಕಡ್ಡಾಯ ಗ್ರಾಚ್ಯುಟಿ ವಿಮಾ ನಿಯಮಗಳನ್ನು ಹೊರಡಿಸಿದಾಗ, ನಾನು ಲೆಕ್ಕ ಪರಿಶೀಲನೆ ಮಾಡಿಕೊಡುತ್ತಿದ್ದ ಬೆಂಗಳೂರಿನ ಒಂದು ಸಣ್ಣ ಎಂಜಿನಿಯರಿಂಗ್ ಘಟಕವೂ ತನ್ನ 64 ನೌಕರರ ಸೇವಾವಧಿ ಮತ್ತು ವೇತನದ ಪಟ್ಟಿಯನ್ನು ವಿಮಾ ಕಂಪನಿಗೆ ಕೊಡಬೇಕಾಗಿ ಬಂತು. ಪಟ್ಟಿ ಹೋಗುವ ಮುನ್ನ ಒಮ್ಮೆ ಕಣ್ಣಾಡಿಸಿ ಕೊಡಿ ಎಂದು ಮಾಲೀಕರು ಕೇಳಿದ್ದರು. ಒಂದು ಮಧ್ಯಾಹ್ನದ ಕೆಲಸವೆಂದು ಒಪ್ಪಿಕೊಂಡೆ. ಆದರೆ ಆ ಪಟ್ಟಿಯ ವೇತನದ ಕಾಲಂ ಪಿಎಫ್ ಹಾಳೆಯಿಂದ ಬಂದಿದ್ದರಿಂದ ಮೊದಲು ಪಿಎಫ್ ಹಾಳೆಯನ್ನೇ ನೋಡಬೇಕಾಯಿತು, ಅಲ್ಲಿಂದ ಕೆಲಸ ಹನ್ನೆರಡು ದಿನ ಹಿಡಿಯಿತು.

ಪಿಎಫ್ ಲೆಕ್ಕದಲ್ಲಿ ಶೇಕಡಾವಾರು ದರಗಳನ್ನು ಸಾಮಾನ್ಯವಾಗಿ ಯಾರೂ ತಪ್ಪುವುದಿಲ್ಲ. ನೌಕರನ ಪಾಲು ಶೇ 12, ಮಾಲೀಕರ ಪಾಲು ಶೇ 12, ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ, ಉಳಿದದ್ದು ಭವಿಷ್ಯ ನಿಧಿಗೆ ಎಂಬುದು ಸಂಬಳ ಪಟ್ಟಿ ಮಾಡುವವರಿಗೆಲ್ಲ ಬಾಯಿಪಾಠ. ತಪ್ಪಾಗುವುದು ಆ ದರ ಯಾವ ಮೊತ್ತದ ಮೇಲೆ ಕೂರುತ್ತದೆ ಎನ್ನುವಲ್ಲಿ. 2014ರ ಸೆಪ್ಟೆಂಬರ್ 1ರಿಂದ ವೇತನ ಮಿತಿ 6,500 ರೂಪಾಯಿಯಿಂದ 15,000 ರೂಪಾಯಿಗೆ ಏರಿತು. ಪಿಂಚಣಿಯ ಶೇ 8.33 ಈ ಮಿತಿಯನ್ನು ದಾಟುವಂತಿಲ್ಲ, ಹೀಗಾಗಿ ಅದು ತಿಂಗಳಿಗೆ 1,250 ರೂಪಾಯಿಗೆ ನಿಲ್ಲುತ್ತದೆ. ಭವಿಷ್ಯ ನಿಧಿಯ ಶೇ 12 ಮಾತ್ರ ಮಾಲೀಕ ಮತ್ತು ನೌಕರ ಒಪ್ಪಿದರೆ ಪೂರ್ಣ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಹೋಗಬಹುದು. ಅಂದರೆ ಒಂದೇ ಸಾಲಿನಲ್ಲಿ ಎರಡು ಬೇರೆ ಬೇರೆ ಆಧಾರ ವೇತನಗಳಿರುತ್ತವೆ.

ಆ ಘಟಕದಲ್ಲಿ ಯಂತ್ರದ ಮೇಲೆ ಕೆಲಸ ಮಾಡುವ 50 ಮಂದಿಗೆ 15,000ದ ಮಿತಿಯೊಳಗೆ ವಂತಿಗೆ ಕಟ್ಟುತ್ತಿದ್ದರು. ಕಚೇರಿಯ 14 ಮಂದಿಗೆ ಪೂರ್ಣ ಮೂಲ ವೇತನದ ಮೇಲೆ ಶೇ 12 ಕಟ್ಟುವುದಾಗಿ ನೇಮಕಾತಿ ಪತ್ರದಲ್ಲೇ ಬರೆದಿತ್ತು. ನಾನು ಚಲನ್‌ನ ಒಟ್ಟು ಮೊತ್ತದಿಂದ ಎಂದೂ ಆರಂಭಿಸುವುದಿಲ್ಲ, ಏಕೆಂದರೆ ಹಾಳೆಯ ತಪ್ಪೇ ಚಲನ್‌ಗೂ ಹೋಗಿರುತ್ತದೆ, ಎರಡೂ ಚೊಕ್ಕವಾಗಿ ಹೊಂದಿಕೊಂಡು ಕೂತಿರುತ್ತವೆ. ಪ್ರತಿ ನೌಕರನ ತಿಂಗಳ ವಂತಿಗೆಯ ವಿವರವಿರುವ, ಪಿಎಫ್ ಪೋರ್ಟಲ್‌ಗೆ ಏರಿಸಿದ ಇಸಿಆರ್ ಕಡತವನ್ನು ತೆರೆದು ಸಾಲುಗಳನ್ನು ಒಂದೊಂದಾಗಿ ಓದುತ್ತೇನೆ. ಮಳಿಗೆ ವಿಭಾಗದ ಒಬ್ಬರ ಸಾಲು, ಗುರುತು ಮರೆಸಿದರೆ, ಹೀಗಿತ್ತು:

```
UAN#~#NAME#~#38000#~#22000#~#15000#~#15000#~#2640#~#1250#~#807#~#0#~#0
```

ಹೆಸರಿನ ನಂತರ ಒಟ್ಟು ವೇತನ, ಪಿಎಫ್ ವೇತನ, ಪಿಂಚಣಿ ವೇತನ, ಇಡಿಎಲ್‌ಐ ವಿಮೆಯ ವೇತನ, ನೌಕರನ ಪಾಲು, ಪಿಂಚಣಿ ವಂತಿಗೆ, ಮಾಲೀಕರ ಪಾಲಿನಲ್ಲಿ ಉಳಿದ ಮೊತ್ತ, ವೇತನವಿಲ್ಲದ ದಿನಗಳು, ಮುಂಗಡದ ಮರುಪಾವತಿ ಎಂಬ ಕ್ರಮ ಇದರದು. ನೌಕರನ ಪಾಲು 22,000ದ ಶೇ 12, ಅಂದರೆ 2,640. ಮಾಲೀಕರ ಪಾಲು 1,250 ಮತ್ತು 807 ಸೇರಿ 2,057. ಈ 2,057 ನನ್ನನ್ನು ತಡೆದು ನಿಲ್ಲಿಸಿತು. ಮಾಲೀಕರು ತಮ್ಮ ಪಾಲನ್ನು 15,000ಕ್ಕೆ ಮಿತಿಗೊಳಿಸಿದ್ದರೆ ಅದು 1,800 ಆಗಬೇಕಿತ್ತು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಪತ್ರದಲ್ಲಿ ಬರೆದಂತೆ ಪೂರ್ಣ ವೇತನದ ಮೇಲೆ ಕಟ್ಟಿದ್ದರೆ 2,640 ಆಗಬೇಕಿತ್ತು. 2,057 ಎಂಬುದು ಯಾವ ನಿಯಮಕ್ಕೂ ಸೇರದ ಸಂಖ್ಯೆ.

ಮೂಲ ಹುಡುಕುವುದು ಕಷ್ಟವಾಗಲಿಲ್ಲ. 2023ರ ಏಪ್ರಿಲ್‌ನಲ್ಲಿ ಹೊಸ ಸಂಬಳ ಹಾಳೆ ಮಾಡಿದವರು ಪಿಂಚಣಿಗೆ 15,000ದ ಶೇ 8.33, ನಿಧಿಗೆ 22,000ದ ಶೇ 3.67 ಎಂದು ಎರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿದ್ದರು. 8.33 ಮತ್ತು 3.67 ಕೂಡಿದರೆ 12 ಎಂಬುದು ನಿಜವೇ, ಆದರೆ ಎರಡೂ ಒಂದೇ ಮೊತ್ತದ ಮೇಲೆ ಕೂತಾಗ ಮಾತ್ರ. ವೇತನ 15,000 ದಾಟಿದ ಕೂಡಲೇ ಆ ಕೂಡಿಕೆ ಮುರಿಯುತ್ತದೆ, ಮಿತಿಯ ಮೇಲಿನ 7,000 ರೂಪಾಯಿಗೆ ಶೇ 8.33 ಎಲ್ಲಿಗೂ ಹೋಗದೆ ಉಳಿಯುತ್ತದೆ. ತಿಂಗಳಿಗೆ 583 ರೂಪಾಯಿಯ ಕೊರತೆ, ವರ್ಷಕ್ಕೆ 6,996. 50 ಮಂದಿಯ ಸಾಲುಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರಲ್ಲಿಯೂ ಸರಿಯಾಗಿ 15,000 ಇದ್ದವರಿಗೆ 550ರ ಬದಲು 551 ಬಂದು ಒಟ್ಟು 1,801 ಆಗಿತ್ತು. ಆ ಒಂದು ರೂಪಾಯಿಯೂ ಇದೇ ರೋಗದ ಲಕ್ಷಣ. ಶೇ 3.67 ಅನ್ನು ಎಂದೂ ಗುಣಿಸಬಾರದು. ಪಿಂಚಣಿಯನ್ನು ಕಳೆದ ಮೇಲೆ ಉಳಿದದ್ದೇ ಅದು. ನಾನು ಹಾಕಿಕೊಟ್ಟ ಸೂತ್ರ ಇಷ್ಟೇ, `D2`ನಲ್ಲಿ ಪಿಎಫ್ ವೇತನವಿದ್ದರೆ:

```
E2: =ROUND(MIN(D2,15000)*8.33%,0)
F2: =ROUND(D2*12%,0)-E2
```

ನೌಕರರು ತಮ್ಮ ಪಾಸ್‌ಬುಕ್‌ನಲ್ಲಿಯೇ ಇದನ್ನು ನೋಡಿಕೊಳ್ಳಬಹುದು. ಎರಡೂ ಕಡೆಯವರು ಒಂದೇ ವೇತನದ ಮೇಲೆ ಕಟ್ಟುತ್ತಿದ್ದು, ನೌಕರ ಸ್ವಇಚ್ಛೆಯಿಂದ ಹೆಚ್ಚಿಗೆ ಏನೂ ಕಟ್ಟದಿದ್ದರೆ, ಮಾಲೀಕರ ಪಾಲು ಮತ್ತು ಪಿಂಚಣಿ ಕೂಡಿದ ಮೊತ್ತ ನೌಕರನ ಪಾಲಿಗೆ ಸಮವಾಗಿರಬೇಕು.

ಸೂತ್ರ ಬದಲಿಸಿದ ಮೇಲೆ 14 ಸಾಲುಗಳೂ ಸಮವಾದವು. ಲೆಕ್ಕದ ಹುಡುಗ "ಈಗ ಟ್ಯಾಲಿ ಆಯ್ತು ಸಾರ್, ಮುಗಿಸೋಣವಾ?" ಎಂದು ಕೇಳಿದ. ನಾನೂ ಫೈಲು ಮುಚ್ಚುವವನೇ ಇದ್ದೆ. ಆದರೆ ಕೂಡಿ ನೋಡಿದಾಗ ಸರಿಯಾಗುವ ತಪ್ಪೂ ಒಂದಿದೆ, ಅದನ್ನು ದಿನಾಂಕ ನೋಡಿಯೇ ಹಿಡಿಯಬೇಕು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ನಿಧಿಗೆ ಸೇರಿದವರ ವೇತನವು ಸೇರುವಾಗಲೇ 15,000 ದಾಟಿದ್ದರೆ ಅವರು ಪಿಂಚಣಿ ಯೋಜನೆಯ ಸದಸ್ಯರಾಗುವುದಿಲ್ಲ. ಅವರ ಮಟ್ಟಿಗೆ ಮಾಲೀಕರ ಪೂರ್ಣ ಶೇ 12 ಭವಿಷ್ಯ ನಿಧಿಗೇ ಹೋಗಬೇಕು. ವಿನ್ಯಾಸ ವಿಭಾಗದಲ್ಲಿ 31,000 ಮೂಲ ವೇತನದ ಒಬ್ಬ ಯುವಕನ ಸಾಲಿನಲ್ಲಿ ಪಿಂಚಣಿಗೆ 1,250, ನಿಧಿಗೆ 2,470, ಒಟ್ಟು 3,720 ಎಂದಿತ್ತು. ಕೂಡಿಕೆಯಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ. ಕೆಲಸಕ್ಕೆ ಸೇರುವಾಗ ಹಿಂದಿನ ಪಿಎಫ್ ಸದಸ್ಯತ್ವವನ್ನು ಘೋಷಿಸುವ ನಮೂನೆ 11 ಅನ್ನು ಅವನ ಕಡತದಿಂದ ತೆಗೆದು ನೋಡಿದರೆ 2019ರ ಜೂನ್‌ನಲ್ಲಿ ಸೇರಿದ್ದು ಅವನ ಮೊದಲ ಉದ್ಯೋಗ, ಆಗಲೇ ಮೂಲ ವೇತನ 18,000 ಇತ್ತು. ಅವನ ಪಿಂಚಣಿ ವೇತನ ಸೊನ್ನೆ ಆಗಿದ್ದು, 3,720 ರೂಪಾಯಿಯೂ ನಿಧಿಗೆ ಹೋಗಬೇಕಿತ್ತು. ಇಡಿಎಲ್‌ಐ ವೇತನ ಮಾತ್ರ 15,000 ಇರಬೇಕಿತ್ತು. ಇಂಥವರು ಇಬ್ಬರು ಸಿಕ್ಕರು. ಮೂರನೆಯವರೂ ಇದ್ದಾರೆಂದು ಮೊದಲು ಅಂದುಕೊಂಡಿದ್ದೆ, ಆದರೆ ಅವರು 2011ರಿಂದಲೇ ಬೇರೊಂದು ಕಡೆ ಪಿಂಚಣಿ ಸದಸ್ಯರಾಗಿದ್ದು ಅದೇ ಯುಎಎನ್ ಮುಂದುವರಿಸಿದ್ದರು, ಹಾಗಾಗಿ ಅವರ 1,250 ಸರಿಯೇ ಇತ್ತು. ಈ ಘಟಕಕ್ಕೆ ಸೇರಿದ ದಿನಾಂಕವನ್ನಷ್ಟೇ ನೋಡಿ ತೀರ್ಮಾನಿಸಿದ್ದರೆ ನಾನೇ ಹೊಸದೊಂದು ತಪ್ಪು ಮಾಡುತ್ತಿದ್ದೆ.

ರಜೆಯ ಸಾಲುಗಳಲ್ಲಿ ಒಂದು ಸಣ್ಣ ದೋಷವೂ ಇತ್ತು. 24,000 ವೇತನದ ಒಬ್ಬ ಟರ್ನರ್ ನವೆಂಬರ್‌ನಲ್ಲಿ 10 ದಿನ ವೇತನವಿಲ್ಲದೆ ರಜೆಯಲ್ಲಿದ್ದರು. ಗಳಿಸಿದ್ದು 16,000, ಅದನ್ನು 15,000ಕ್ಕೆ ಮಿತಿಗೊಳಿಸಿ 1,800 ಹಿಡಿಯಬೇಕಿತ್ತು. ಹಾಳೆಯು ಮಿತಿಯನ್ನೇ 20 ದಿನಕ್ಕೆ ಇಳಿಸಿ 10,000 ಮಾಡಿಕೊಂಡು 1,200 ಹಿಡಿದಿತ್ತು. ಮಿತಿ ತಿಂಗಳಿನದು, ಹಾಜರಿಗೆ ತಕ್ಕಂತೆ ಅದು ಕುಗ್ಗುವುದಿಲ್ಲ.

ಇಷ್ಟಾದ ಮೇಲೆ ಗ್ರಾಚ್ಯುಟಿ ಪಟ್ಟಿಗೆ ಬಂದೆ. ಇಲ್ಲಿ 15,000 ಎಂಬ ಸಂಖ್ಯೆಗೆ ಜಾಗವೇ ಇಲ್ಲ. ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯ ಪ್ರಕಾರ ಕೊನೆಯದಾಗಿ ಪಡೆದ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸಬೇಕು. ಮಿತಿ ಇರುವುದು ಕೈಗೆ ಬರುವ ಮೊತ್ತಕ್ಕೆ, 2018ರ ಮಾರ್ಚ್ 29ರಿಂದ ಅದು 20 ಲಕ್ಷ ರೂಪಾಯಿ. ಆದರೆ ಪಟ್ಟಿಯ ವೇತನದ ಕಾಲಂ ಪಿಎಫ್ ಹಾಳೆಯ ಪಿಂಚಣಿ ವೇತನಕ್ಕೆ ಕೊಂಡಿ ಹಾಕಿಕೊಂಡಿದ್ದರಿಂದ, ಅದನ್ನು ಮೇಲಿನಿಂದ ಕೆಳಗೆ ಓದಿದರೆ ಎಲ್ಲಿಯೂ 15,000ಕ್ಕಿಂತ ಹೆಚ್ಚಿನ ಸಂಖ್ಯೆ ಇರಲಿಲ್ಲ. ಮ್ಯಾನೇಜರನಿಗೂ 15,000, ಟರ್ನರನಿಗೂ 15,000. ಲೆಕ್ಕ ಮಾಡದೆಯೇ ಅನುಮಾನ ಬರಬೇಕಾದ ಪಟ್ಟಿ ಅದು.

2014ರ ಆಗಸ್ಟ್ 1ರಂದು ಸೇರಿದ ಒಬ್ಬ ಮೇಲ್ವಿಚಾರಕರನ್ನು ಉದಾಹರಣೆಗೆ ತೆಗೆದುಕೊಂಡೆ. 2024ರ ಮಾರ್ಚ್ 31ಕ್ಕೆ ಅವರ ಸೇವೆ 9 ವರ್ಷ 8 ತಿಂಗಳು, ಅಂದರೆ ಲೆಕ್ಕಕ್ಕೆ 10 ವರ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000. ಅವರಿಗೆ ಬರಬೇಕಾದದ್ದು 1,50,000 ರೂಪಾಯಿ, ಪಟ್ಟಿಯಲ್ಲಿ ಇದ್ದದ್ದು 86,538.

ಮಾಲೀಕರು ಇದನ್ನು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. "ನಾವು ತಿಂಗಳಾ ತಿಂಗಳಾ 4.81 ಪರ್ಸೆಂಟ್ ತೆಗೆದಿಡ್ತಾ ಇದ್ದೀವಲ್ಲ, ಮತ್ತೆ ಕೊರತೆ ಎಲ್ಲಿಂದ ಬಂತು?" ಎಂಬುದು ಅವರ ಪ್ರಶ್ನೆ. ಶೇ 4.81 ಕಾಯ್ದೆಯಲ್ಲಿರುವ ವಂತಿಗೆ ದರವಲ್ಲ. 15ನ್ನು 26ರಿಂದ, ಬಂದದ್ದನ್ನು 12 ತಿಂಗಳಿಂದ ಭಾಗಿಸಿದಾಗ ಸಿಗುವ ಸಂಖ್ಯೆ. ಆಯಾ ತಿಂಗಳ ವೇತನದ ಮೇಲೆ ಅದನ್ನು ತೆಗೆದಿಟ್ಟರೆ ಹಳೆಯ ವರ್ಷಗಳಿಗೆ ಹಳೆಯ ವೇತನದ ಲೆಕ್ಕವೇ ಉಳಿಯುತ್ತದೆ, ಗ್ರಾಚ್ಯುಟಿಯಾದರೋ ಎಲ್ಲ ವರ್ಷಗಳಿಗೂ ಕೊನೆಯ ವೇತನವನ್ನೇ ಹಿಡಿಯುತ್ತದೆ. ಈ ಮೇಲ್ವಿಚಾರಕರ 116 ತಿಂಗಳ ಸರಾಸರಿ ವೇತನ 18,500 ಇತ್ತು, ಹಾಗಾಗಿ ಪುಸ್ತಕದಲ್ಲಿ ಅವರ ಹೆಸರಿಗೆ ಕೂಡಿದ್ದು ಸುಮಾರು 1,03,200. ದರ ಒಂದು ತಿಂಗಳೂ ತಪ್ಪಿರಲಿಲ್ಲ, ಆದರೂ ಸುಮಾರು 46,800 ಕಡಿಮೆ. ಇನ್ನೊಂದು ಮಾತನ್ನೂ ಅವರಿಗೆ ಹೇಳಿದೆ: ನಾನು ತೋರಿಸಿದ್ದು ಇಂದು ಬಿಟ್ಟುಹೋದರೆ ಕೊಡಬೇಕಾದ ಮೊತ್ತ. ಮುಂದಿನ ವೇತನ ಏರಿಕೆ, ಬಿಟ್ಟುಹೋಗುವವರ ಪ್ರಮಾಣ, ಬಡ್ಡಿ ಇವನ್ನೆಲ್ಲ ಹಿಡಿದು ವಿಮಾಗಣಕರು ಕೊಡುವ ಹೊಣೆಯ ಅಂದಾಜು ಬೇರೆಯೇ, ಅವೆರಡನ್ನು ಹೊಂದಿಸಲು ಹೊರಟರೆ ಎಂದಿಗೂ ಹೊಂದುವುದಿಲ್ಲ.

ಪಿಎಫ್‌ನ ಹನ್ನೆರಡು ತಿಂಗಳ ಕೊರತೆಯನ್ನು ವಾರ್ಷಿಕ ಶೇ 12ರ ಬಡ್ಡಿಯೊಂದಿಗೆ ಮಾಲೀಕರೇ ಕಟ್ಟಿದರು. ಪಿಂಚಣಿಗೆ ತಪ್ಪಾಗಿ ಹೋದ ಇಬ್ಬರ ಮೊತ್ತವನ್ನು ನಿಧಿಗೆ ವರ್ಗಾಯಿಸಲು ತಿಂಗಳುವಾರು ಪಟ್ಟಿಯೊಂದಿಗೆ ಅರ್ಜಿ ಬರೆದುಕೊಟ್ಟೆ. ವಿಮಾ ಕಂಪನಿಯ ಪಟ್ಟಿಯಲ್ಲಿ ವೇತನದ ಕಾಲಂ ಅನ್ನು ಸಂಬಳ ಪಟ್ಟಿಗೆ ನೇರವಾಗಿ ಕೊಂಡಿ ಹಾಕಿ, ಕೊನೆಗೆ 20 ಲಕ್ಷದ ಮಿತಿಯನ್ನು ನೋಡಿದೆ. ಅದಕ್ಕೆ ಪ್ರತಿಯೊಬ್ಬರ ಗ್ರಾಚ್ಯುಟಿಯನ್ನೂ ನೋಡಬೇಕಿಲ್ಲ. ವೇತನ ಮತ್ತು ವರ್ಷಗಳ ಗುಣಲಬ್ಧ 34,66,667 ದಾಟಿದವರಷ್ಟೇ ಮಿತಿಗೆ ತಾಗುತ್ತಾರೆ. ಆ ಪಟ್ಟಿಯಲ್ಲಿ ಅತಿ ದೊಡ್ಡದು 66,000 ವೇತನದ, 30 ವರ್ಷ ಸೇವೆಯ ಹಿರಿಯ ಮ್ಯಾನೇಜರ್ ಅವರದು, 19,80,000. ಅವರ ಗ್ರಾಚ್ಯುಟಿ 11,42,308 ಎಂದು ತಿದ್ದಿ, ಪಟ್ಟಿಯನ್ನು ಅದೇ ಸಂಜೆ ಕಳುಹಿಸಿದೆವು.