ತಾನಾಗಿ ತುಂಬಿಬಂದ ಅರ್ಜಿ: ಒಪ್ಪುವ ಮುನ್ನ ನೋಡಬೇಕಾದದ್ದು

ಡಿಜಿಲಾಕರ್‌ಗೆ ಒಪ್ಪಿಗೆ ಕೊಟ್ಟೊಡನೆ ಕಾಲೇಜು ಪ್ರವೇಶದ ಅರ್ಜಿ ಅರ್ಧಕ್ಕರ್ಧ ತುಂಬಿಕೊಳ್ಳುತ್ತದೆ. ಆ ಸಂಭ್ರಮದಲ್ಲಿ ಸಲ್ಲಿಕೆಯ ಗುಂಡಿಯನ್ನೂ ಒತ್ತಿ, ದಾಖಲೆ ಪರಿಶೀಲನೆಯ ದಿನ ಪೇಚಾಡುವವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ಮೊದಲು ಬ್ರೌಸರಿನ ಸ್ವಯಂಭರ್ತಿಯನ್ನು ನಿಲ್ಲಿಸಿಬಿಡಿ. ಸೈಬರ್ ಸೆಂಟರಿನಲ್ಲಂತೂ ಅದು ಹಿಂದಿನ ಗಿರಾಕಿಯ ಮೊಬೈಲ್ ಸಂಖ್ಯೆಯನ್ನು ನಿಮ್ಮ ಅರ್ಜಿಗೆ ಅಂಟಿಸಿರುತ್ತದೆ. ಮುಂದಿನ ಒಟಿಪಿಗಳೆಲ್ಲ ಅವರಿಗೇ ಹೋಗುತ್ತವೆ.

ಎರಡನೆಯದಾಗಿ, ಪರಿಶೀಲಿಸುವವರು ಯಾವ ದಾಖಲೆಯನ್ನು ಕೇಳುತ್ತಾರೋ ಅದರ ಮೂಲಪ್ರತಿಯನ್ನು ಎದುರಿಗಿಟ್ಟುಕೊಳ್ಳಿ. ಪ್ರವೇಶಕ್ಕೆ ಸಾಮಾನ್ಯವಾಗಿ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆದರೆ ಅರ್ಜಿಗೆ ಹೆಸರು ಬಂದಿರುವುದು ಬಹುಪಾಲು ಆಧಾರ್‌ನಿಂದ.

ಎಡವುವುದು ಹೆಸರಿನಲ್ಲಿಯೇ. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಮೊದಲಕ್ಷರಗಳೇ ಇನಿಷಿಯಲ್ ಆಗುವುದರಿಂದ ಅವು ಒಂದು ದಾಖಲೆಯಲ್ಲಿ ಹೆಸರಿನ ಮುಂದೆಯೂ ಇನ್ನೊಂದರಲ್ಲಿ ಹಿಂದೆಯೂ ಇರುತ್ತವೆ. ಅಂಕಪಟ್ಟಿಯಲ್ಲಿ ANUSHA M R, ಆಧಾರ್‌ನಲ್ಲಿ M R Anusha ಎಂದಿದೆ ಎನ್ನೋಣ. ಅರ್ಜಿಯಲ್ಲಿ ಹೆಸರಿಗೆ ಮೂರು ಚೌಕಗಳಿದ್ದರೆ, ಖಾಲಿ ಜಾಗ ಕಂಡಲ್ಲೆಲ್ಲ ಹೆಸರನ್ನು ತುಂಡರಿಸುವ ತಂತ್ರಾಂಶವು First Name ಚೌಕಕ್ಕೆ M, ನಡುವಿನದಕ್ಕೆ R, Last Name ಚೌಕಕ್ಕೆ Anusha ಎಂದು ಹಾಕುತ್ತದೆ. ಒಂದೇ ಗುಕ್ಕಿನಲ್ಲಿ ಓದಿದಾಗ ಎಲ್ಲವೂ ಸರಿಯೆನಿಸುತ್ತದೆ. ಪ್ರವೇಶಪತ್ರದಲ್ಲಿ ಮಾತ್ರ ಅಭ್ಯರ್ಥಿಯ ಹೆಸರು ಬರಿಯ M ಆಗಿರುತ್ತದೆ. ಆದ್ದರಿಂದ ಪ್ರತಿ ಚೌಕವನ್ನೂ ಅದರ ತಲೆಬರಹದೊಡನೆ ಗಟ್ಟಿಯಾಗಿ ಓದಿ. ತಿದ್ದಲು ಅವಕಾಶವಿದ್ದರೆ ಮೊದಲ ಚೌಕಕ್ಕೆ Anusha, ಕೊನೆಯದಕ್ಕೆ M R ಎಂದು ಹಾಕಿ, ನಡುವಿನದನ್ನು ಖಾಲಿ ಮಾಡಿ. ಇನಿಷಿಯಲ್ ಬಿಡಿಸಿ ಬರೆಯುವ ಉತ್ಸಾಹ ಬೇಡ.

ಜನ್ಮದಿನಾಂಕ ಜನವರಿ 1 ಎಂದಿದ್ದರೆ ಅನುಮಾನಿಸಿ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇರುವವರಿಗೆ, ವಿಶೇಷವಾಗಿ ಪೋಷಕರಿಗೆ, ಹೀಗಾಗುವುದುಂಟು.

ವಿಳಾಸದಲ್ಲಿ ಜಿಲ್ಲೆಯನ್ನೂ ತಾಲ್ಲೂಕನ್ನೂ ಒಟ್ಟಿಗೆ ನೋಡಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಬಳಿಕ ಹೊಸಪೇಟೆ ಅದಕ್ಕೆ ಸೇರಿದೆ. ಹಳೆಯ ಪ್ರೊಫೈಲಿನಿಂದ ಬಳ್ಳಾರಿ ಎಂದು ಬಂದರೆ ತಾಲ್ಲೂಕಿನ ಪಟ್ಟಿಯಲ್ಲಿ ಹೊಸಪೇಟೆಯೇ ಸಿಗದೆ ಆ ಚೌಕ ಖಾಲಿ ಉಳಿಯಬಹುದು. ಜಿಲ್ಲೆಯನ್ನು ಬದಲಿಸಿದ ಮೇಲೆ ತಾಲ್ಲೂಕನ್ನು ಮತ್ತೆ ಆರಿಸಿ.

ಬೂದುಬಣ್ಣದ ಚೌಕವನ್ನು ಅರ್ಜಿಯಲ್ಲಿ ತಿದ್ದಲಾಗದು, ಮೂಲದಲ್ಲಿಯೇ ತಿದ್ದಿಸಬೇಕು. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರನ್ನು ಜೀವಮಾನದಲ್ಲಿ 2 ಬಾರಿ, ಜನ್ಮದಿನಾಂಕವನ್ನು 1 ಬಾರಿ ಮಾತ್ರ ಬದಲಿಸಬಹುದಾದ್ದರಿಂದ, ಅಂಕಪಟ್ಟಿಯಲ್ಲಿರುವ ಅಕ್ಷರಗಳನ್ನೇ ಕೊಟ್ಟು ಒಂದೇ ಸಲಕ್ಕೆ ಮುಗಿಸಿ. ತಿದ್ದುಪಡಿಯ ಬಳಿಕ ಲಾಕರಿನಲ್ಲಿ ದಾಖಲೆಯನ್ನು ಹೊಸದಾಗಿ ತರಿಸಿಕೊಳ್ಳದಿದ್ದರೆ ಹಳೆಯ ಪ್ರತಿಯೇ ಉಳಿದಿರಬಹುದು.

ಕೊನೆಗೆ Preview ಪುಟವನ್ನು ಕಾಗದದ ಮೇಲೆ ಮುದ್ರಿಸಿ, ಅಂಕಪಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅವರು ಓದುತ್ತಿದ್ದಂತೆ ನೀವು ಪೆನ್ನಿನಲ್ಲಿ ಗುರುತು ಹಾಕುತ್ತ ಹೋಗಿ.