ದರಪಟ್ಟಿ ಕಳುಹಿಸುವ ಮೊದಲು ಕೇಳಬೇಕಾದ್ದು

ಕಳೆದ ತಿಂಗಳು ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರು ಫೋನ್ ಮಾಡಿ, "ವೆಬ್‌ಸೈಟ್ ಮಾಡಿಕೊಡಲು ಎಷ್ಟಾಗುತ್ತದೆ?" ಎಂದರು. ನಾನು ದರ ಹೇಳದೆ, "ಆರು ತಿಂಗಳಾದ ಮೇಲೆ ಏನು ಬದಲಾಗಿದ್ದರೆ ಹಣ ವಸೂಲಾಯಿತು ಎನ್ನುತ್ತೀರಿ?" ಎಂದು ಕೇಳಿದೆ. ಹೊರ ರಾಜ್ಯದ ಸಗಟು ಖರೀದಿದಾರರು ನೇರವಾಗಿ ಕರೆ ಮಾಡಬೇಕಂತೆ. ಅಂದರೆ ಆನ್‌ಲೈನ್ ಪಾವತಿ ವ್ಯವಸ್ಥೆಯೇ ಬೇಡ, ಅರ್ಧ ಕೆಲಸ ಅಲ್ಲೇ ಇಳಿಯಿತು.

"ಬಜೆಟ್ ಎಷ್ಟು?" ಎಂದರೆ "ನೀವೇ ಹೇಳಿ ಸಾರ್" ಎಂಬ ಉತ್ತರ ಖಚಿತ. ಹಾಗಾಗಿ, "ಇಂಥ ಕೆಲಸ 25ರಿಂದ 40 ಸಾವಿರದಲ್ಲೂ ಆಗುತ್ತದೆ, ಫೋಟೊ, ಹಿಂದಿ ಪುಟಗಳೆಲ್ಲ ಸೇರಿದರೆ 70 ದಾಟುತ್ತದೆ. ನಿಮಗೆ ಯಾವುದು ಹತ್ತಿರ?" ಎಂದೆ. ಅವರು ತಡವರಿಸದೆ ಮೊದಲನೆಯದನ್ನು ಆರಿಸಿದರು.

"ನಿರ್ಧಾರ ನಿಮ್ಮದೇನಾ?" ಎಂದು ಮಾತ್ರ ಕೇಳಬೇಡಿ, ಯಾರೂ ಅಲ್ಲ ಎನ್ನುವುದಿಲ್ಲ. "ಹಿಂದಿನ ಸಲ ಇಷ್ಟು ಖರ್ಚು ಮಾಡುವಾಗ ಯಾರನ್ನೆಲ್ಲ ಕೇಳಿದಿರಿ?" ಎಂದೆ. "ತೂಕದ ಯಂತ್ರ ತಂದಾಗ ಅಣ್ಣನೇ ಚೆಕ್ ಬರೆದದ್ದು" ಎಂದರು. ಅಣ್ಣನೊಂದಿಗೆ ಹದಿನೈದು ನಿಮಿಷ ಮಾತನಾಡಿದ ನಂತರವೇ ದರಪಟ್ಟಿ ಕಳುಹಿಸಿದೆ. ಅವರಿಗೆ ಬೇಕಿದ್ದದ್ದು ಮುಂಗಡವನ್ನು ಎರಡು ಕಂತು ಮಾಡುವುದಷ್ಟೇ.